ಆಫೀಸಿನಲ್ಲಿ ತೆರೆಯುವ ಸೈಟು ಗ್ರಾಹಕರ ಮೊಬೈಲಿನಲ್ಲಿ ಏಕೆ ತೆರೆಯಲಿಲ್ಲ

ಇವರಿಗೆ: ವ್ಯವಸ್ಥಾಪಕರು, ಮಾರಾಟ ವಿಭಾಗ
ಇವರಿಂದ: ವೆಬ್ ತಂಡ
ದಿನ: ಬುಧವಾರ, ಮಧ್ಯಾಹ್ನ 12:30

ನಮಸ್ಕಾರ ಮೇಡಂ,

"ನನ್ನ ಟೇಬಲ್ ಮೇಲೆ ಸೈಟು ಚೆನ್ನಾಗಿಯೇ ಓಡ್ತಿದೆ, ಆದರೆ ಗ್ರಾಹಕರು ಬರ್ತಿಲ್ಲ ಅಂತ ಫೋನ್ ಮಾಡ್ತಿದ್ದಾರೆ, ಯಾರ ಮಾತು ನಂಬಲಿ?" ಎಂದು ನಿನ್ನೆ ಕೇಳಿದ್ದಿರಿ. ಇಬ್ಬರದೂ ನಿಜ. ತಪ್ಪು ನಮ್ಮ ಕಡೆಯದು, ಗ್ರಾಹಕರ ಫೋನಿನದಲ್ಲ. ಮುಖ್ಯ ತೊಂದರೆಯನ್ನು ಇಂದು ಬೆಳಿಗ್ಗೆ 11 ಗಂಟೆಗೆ ಸರಿಪಡಿಸಿದ್ದೇವೆ. ಹಳೆಯ ಫೋನುಗಳ ಒಂದು ಚಿಕ್ಕ ತೊಂದರೆ ಇನ್ನೂ ಉಳಿದಿದೆ. ಒಂದು ವಿಷಯದಲ್ಲಿ ನಿಮ್ಮ ತೀರ್ಮಾನವೂ ಬೇಕು, ಅದನ್ನು ಕೊನೆಗೆ ಬರೆದಿದ್ದೇವೆ.

ಗ್ರಾಹಕರು ನಮ್ಮ ಸೈಟಿನ ಹೆಸರು ಟೈಪ್ ಮಾಡಿದಾಗ ಫೋನು ನೇರವಾಗಿ ನಮ್ಮ ಸರ್ವರಿಗೆ ಬರುವುದಿಲ್ಲ. ಮೊದಲು "ಈ ಹೆಸರಿನ ಅಂಗಡಿ ಯಾವ ವಿಳಾಸದಲ್ಲಿದೆ?" ಎಂದು ವಿಚಾರಿಸುತ್ತದೆ. ಹೆಸರಿಗೆ ವಿಳಾಸ ಹೇಳುವ ಈ ವ್ಯವಸ್ಥೆಯೇ ಡಿಎನ್‌ಎಸ್. ಫೋನು ವಿಚಾರಿಸುವುದು ತನ್ನ ಇಂಟರ್ನೆಟ್ ಕಂಪನಿಯ ಡಿಎನ್‌ಎಸ್ ಸರ್ವರನ್ನು. ಅದು ನಮ್ಮ ದಾಖಲೆ ನೋಡಿ ಉತ್ತರ ಕೊಡುತ್ತದೆ, ಆಮೇಲೆ ಅದೇ ಉತ್ತರವನ್ನು ಸ್ವಲ್ಪ ಹೊತ್ತು ನೆನಪಿಟ್ಟುಕೊಳ್ಳುತ್ತದೆ. ಎಷ್ಟು ಹೊತ್ತು ಎಂಬುದನ್ನು ನಾವೇ ದಾಖಲೆಯಲ್ಲಿ ಬರೆದಿಟ್ಟಿರುತ್ತೇವೆ. ನಮ್ಮದು 86400 ಸೆಕೆಂಡು, ಅಂದರೆ 24 ಗಂಟೆ.

ಶನಿವಾರ ರಾತ್ರಿ 11ಕ್ಕೆ ಅಂಗಡಿಯನ್ನು ಹೊಸ ಸರ್ವರಿಗೆ ಸಾಗಿಸಿ ವಿಳಾಸ ಬದಲಿಸಿದೆವು. ಆದರೆ ರಾತ್ರಿ 10ಕ್ಕೆ ಯಾರೋ ಒಬ್ಬರು ಸೈಟು ನೋಡಿದ್ದರೆ, ಅವರ ಕಂಪನಿಯ ಡಿಎನ್‌ಎಸ್ ಭಾನುವಾರ ರಾತ್ರಿ 10ರವರೆಗೂ ಹಳೆಯ ವಿಳಾಸವನ್ನೇ ಹೇಳುತ್ತಿರುತ್ತದೆ. ಅದೇ ಕಂಪನಿಯ ಇತರ ಗ್ರಾಹಕರಿಗೂ ಅದೇ ಉತ್ತರ. ಪಕ್ಕದ ಮನೆಯವರದು ಬೇರೆ ಕಂಪನಿಯಾಗಿದ್ದು, ಅಲ್ಲಿ ಆ ದಿನ ಯಾರೂ ನಮ್ಮ ಸೈಟನ್ನು ವಿಚಾರಿಸಿರದಿದ್ದರೆ ಅವರಿಗೆ 11:01ಕ್ಕೇ ಹೊಸ ವಿಳಾಸ ಸಿಗುತ್ತದೆ. ಭಾನುವಾರ ಕೆಲವರಿಗೆ ಹೊಸ ಸೈಟು, ಕೆಲವರಿಗೆ ಹಳೆಯ ಬೆಲೆಯ ಸೈಟು ಕಂಡದ್ದರ ಒಂದು ಕಾರಣ ಇದು. ಇದನ್ನು ತಪ್ಪಿಸುವ ದಾರಿ ಎಲ್ಲರಿಗೂ ಗೊತ್ತಿರುವಂಥದ್ದೇ: ಸಾಗಿಸುವ ಎರಡು ದಿನ ಮೊದಲೇ ಆ 86400 ಅನ್ನು 300ಕ್ಕೆ ಇಳಿಸಬೇಕು. ಆಗ ಐದೇ ನಿಮಿಷದಲ್ಲಿ ಎಲ್ಲರಿಗೂ ಹೊಸ ವಿಳಾಸ ತಲುಪುತ್ತದೆ. ಅದೇ ದಿನ ಇಳಿಸಿದರೆ ಪ್ರಯೋಜನವಿಲ್ಲ, ಹಳೆಯ 24 ಗಂಟೆಯ ಉತ್ತರಗಳು ಆಗಲೇ ಹಂಚಿಹೋಗಿರುತ್ತವೆ. ಈ ಸಲ ನಾವು ಇಳಿಸಿರಲಿಲ್ಲ.

ಈ ಕಾರಣಕ್ಕೆ ಬರುವ ದೂರುಗಳು ಭಾನುವಾರ ರಾತ್ರಿ 11ಕ್ಕೆ ನಿಲ್ಲಬೇಕಿತ್ತು, ಆದರೆ ಸೋಮವಾರ ಇನ್ನೂ ಹೆಚ್ಚಾದವು. ಹಾಗಾಗಿ ಬೇರೆ ಕಾರಣ ಹುಡುಕಬೇಕಾಯಿತು.

ಒಂದು ಸೈಟಿಗೆ ಎರಡು ಬಗೆಯ ವಿಳಾಸ ಇರಬಹುದು. ಹಳೆಯ ಬಗೆ ಐಪಿವಿ4. ಅದರಲ್ಲಿ ಒಟ್ಟು ಇರುವುದೇ ಸುಮಾರು 429 ಕೋಟಿ ವಿಳಾಸಗಳು, ಜಗತ್ತಿನ ಫೋನುಗಳಿಗೆಲ್ಲ ಅದು ಸಾಲದು. ಅದಕ್ಕಾಗಿ ಬಂದದ್ದು ಐಪಿವಿ6. ನಮ್ಮ ದೇಶದಲ್ಲಿ ಮೊಬೈಲ್ ಡೇಟಾದ ಬಹುಪಾಲು ಈಗ ಐಪಿವಿ6 ಮೇಲೆ ಹರಿಯುತ್ತದೆ. ನಮ್ಮ ಆಫೀಸಿನ ಬ್ರಾಡ್‌ಬ್ಯಾಂಡ್ ಮಾತ್ರ ಇನ್ನೂ ಐಪಿವಿ4 ಒಂದನ್ನೇ ಕೊಡುತ್ತದೆ. ಶನಿವಾರ ನಾವು ಬದಲಿಸಿದ್ದು ಐಪಿವಿ4 ವಿಳಾಸವನ್ನಷ್ಟೆ. ಐಪಿವಿ6 ದಾಖಲೆ ಹಳೆಯ ಸರ್ವರನ್ನೇ ತೋರಿಸುತ್ತಾ ಉಳಿಯಿತು. ಅಂಗಡಿಯ ಮುಂಬಾಗಿಲ ಬೋರ್ಡು ಬದಲಾಗಿತ್ತು, ಹಿಂದಿನ ಬೀದಿಯದು ಬದಲಾಗಿರಲಿಲ್ಲ. ನಮ್ಮ ಗ್ರಾಹಕರಲ್ಲಿ ಹೆಚ್ಚಿನವರು ಬರುವುದು ಆ ಹಿಂದಿನ ಬೀದಿಯಿಂದಲೇ.

ನಾವು ಆಫೀಸಿನಿಂದ ಪರೀಕ್ಷಿಸಿದೆವು, ನೀವೂ ಆಫೀಸಿನಿಂದಲೇ ನೋಡಿದಿರಿ. ಐದು ನಿಮಿಷಕ್ಕೊಮ್ಮೆ ಸೈಟು ಬದುಕಿದೆಯೇ ಎಂದು ನೋಡುವ ನಮ್ಮ ತಪಾಸಣೆಯೂ ಐಪಿವಿ4 ಮೂಲಕವೇ ಹೋಗುತ್ತದೆ. ಮೂವರಿಗೂ ಎಲ್ಲ ಹಸಿರು. ಆಫೀಸಿನ ವೈಫೈ ಆಫ್ ಮಾಡಿ, ಮೊಬೈಲ್ ಡೇಟಾ ಹಾಕಿ ತೆರೆದಿದ್ದರೆ ಶನಿವಾರ ರಾತ್ರಿಯೇ ಗೊತ್ತಾಗುತ್ತಿತ್ತು.

ಇಲ್ಲಿ ಒಂದು ಸೂಕ್ಷ್ಮವಿದೆ. ಹಳೆಯ ಸರ್ವರನ್ನು ಪೂರ್ತಿ ಆಫ್ ಮಾಡಿದ್ದಿದ್ದರೆ ತೊಂದರೆ ಇಷ್ಟು ದೊಡ್ಡದಾಗುತ್ತಿರಲಿಲ್ಲ. ಐಪಿವಿ6 ದಾರಿಯಲ್ಲಿ ಉತ್ತರವೇ ಬಾರದಿದ್ದರೆ ಬ್ರೌಸರು ಕಾಲು ಸೆಕೆಂಡಿನಷ್ಟು ಕಾದು ಐಪಿವಿ4 ದಾರಿಯನ್ನೂ ಪ್ರಯತ್ನಿಸುತ್ತದೆ. ಹಳೆಯ ಸರ್ವರು ಜೀವಂತವಾಗಿದ್ದು "ಬನ್ನಿ" ಎಂದದ್ದರಿಂದ ಬ್ರೌಸರಿಗೆ ಬೇರೆ ದಾರಿ ಹುಡುಕುವ ಕಾರಣವೇ ಇರಲಿಲ್ಲ. ಮುನ್ನೆಚ್ಚರಿಕೆಗೆಂದು ಚಾಲೂ ಇಟ್ಟದ್ದೇ ತೊಂದರೆಯನ್ನು ಮುಚ್ಚಿಟ್ಟಿತು.

ದೂರು ಎರಡು ಬಗೆಯಲ್ಲಿ ಬಂದದ್ದಕ್ಕೂ ಇದೇ ಕಾರಣ. ಭಾನುವಾರ ಆ ದಾರಿಯಿಂದ ಬಂದವರಿಗೆ ಹಳೆಯ ಸೈಟು ಮಾಮೂಲಿನಂತೆ ತೆರೆಯಿತು, ಆರ್ಡರನ್ನೂ ತೆಗೆದುಕೊಂಡಿತು. ಸೈಟು ಅಸಲಿಯೇ ಎಂದು ಬ್ರೌಸರಿಗೆ ಖಾತ್ರಿಪಡಿಸುವ ಭದ್ರತಾ ಪ್ರಮಾಣಪತ್ರ ಒಂದಿರುತ್ತದೆ. ಹಳೆಯ ಸರ್ವರಿನ ಪ್ರಮಾಣಪತ್ರದ ಅವಧಿ ಸೋಮವಾರ ಬೆಳಗಿನ ಜಾವ 5:29ಕ್ಕೆ ಮುಗಿಯಿತು. ಹೇಗೂ ಬಿಟ್ಟು ಹೊರಡುತ್ತಿದ್ದೇವೆ ಎಂದು ನಾವು ಅದನ್ನು ನವೀಕರಿಸಿರಲಿಲ್ಲ. ಅಲ್ಲಿಂದ ಮುಂದೆ ಅದೇ ಗ್ರಾಹಕರಿಗೆ ಕಂಡದ್ದು `Your connection is not private` ಎಂಬ ಎಚ್ಚರಿಕೆಯ ಪುಟ, ಕೆಳಗೆ ಸಣ್ಣ ಅಕ್ಷರದಲ್ಲಿ `NET::ERR_CERT_DATE_INVALID`.

ಹೋಸ್ಟಿಂಗ್ ಕಂಪನಿಯವರು ಆಧಾರ ಕೇಳಿದರೆ ನಿನ್ನೆ ಮಾಡಿದ ಈ ಪರೀಕ್ಷೆಯನ್ನು ಹಾಗೆಯೇ ಕಳಿಸಬಹುದು. ನಮ್ಮ ಹೆಸರು ಮತ್ತು ವಿಳಾಸಗಳ ಬದಲು ಮಾದರಿ ಹಾಕಿದ್ದೇವೆ, ನಿಜವಾದವು ಅವರ ಬಳಿ ಇವೆ:

```
dig +short A www.example.com
203.0.113.25        # ಹೊಸ ಸರ್ವರ್
dig +short AAAA www.example.com
2001:db8::25        # ಹಳೆಯ ಸರ್ವರ್
curl -4 -I https://www.example.com
curl -6 -I https://www.example.com
```

ಕೊನೆಯ ಎರಡು ಸಾಲು ಒಂದೇ ಸೈಟನ್ನು ಎರಡು ದಾರಿಯಿಂದ ತಟ್ಟಿ ನೋಡುತ್ತವೆ. ನಿನ್ನೆ ಮೊದಲನೆಯದಕ್ಕೆ `200` ಎಂಬ ಸರಿಯಾದ ಉತ್ತರ ಬಂತು. ಎರಡನೆಯದು ಪ್ರಮಾಣಪತ್ರದ ಅವಧಿ ಮುಗಿದಿದೆ ಎಂದು ನಿಂತುಬಿಟ್ಟಿತು. ಇದನ್ನು ಐಪಿವಿ6 ಇರುವ ಕಡೆಯಿಂದಲೇ ಮಾಡಬೇಕು, ಆಫೀಸಿನ ವೈಫೈಯಿಂದ ಸಾಧ್ಯವಿಲ್ಲ.

ಇಂದು 10:15ಕ್ಕೆ ಐಪಿವಿ6 ದಾಖಲೆಯನ್ನು ಹೊಸ ಸರ್ವರಿಗೆ ತಿರುಗಿಸಿದೆವು. ಆದರೆ ಅದಕ್ಕೂ 24 ಗಂಟೆಯ ನೆನಪು ಇರುವುದರಿಂದ ನಾಳೆ 10:15ರವರೆಗೆ ಕೆಲವರು ಹಳೆಯ ಸರ್ವರಿಗೇ ಹೋಗುತ್ತಾರೆ. ಅವರು ಕಾಯಬಾರದೆಂದು ಹಳೆಯ ಸರ್ವರಿಗೂ ಹೊಸ ಪ್ರಮಾಣಪತ್ರ ಹಾಕಿ, ಬಂದವರನ್ನೆಲ್ಲ ಅಲ್ಲಿಂದಲೇ ಹೊಸ ಸರ್ವರಿಗೆ ದಾಟಿಸುವಂತೆ 11 ಗಂಟೆಗೆ ಮಾಡಿದ್ದೇವೆ. ಗ್ರಾಹಕರಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಅಲ್ಲಿಗೆ ಯಾರೂ ಬರುತ್ತಿಲ್ಲ ಎಂದು ಲಾಗ್ ನೋಡಿ ಖಚಿತಪಡಿಸಿಕೊಂಡ ಮೇಲೆಯೇ ಅದನ್ನು ಮುಚ್ಚುತ್ತೇವೆ.

ಉಳಿದಿರುವುದು ಹಳೆಯ ಫೋನುಗಳದು. ಹೊಸ ಸರ್ವರಿನ ಪ್ರಮಾಣಪತ್ರ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆಯದು, ಉಚಿತ. ಆಂಡ್ರಾಯ್ಡ್ 7.1.1ಕ್ಕಿಂತ ಹಳೆಯ ಫೋನುಗಳಲ್ಲಿರುವ ನಂಬಿಕಸ್ಥರ ಪಟ್ಟಿಯಲ್ಲಿ ಈ ಸಂಸ್ಥೆಯ ಮೂಲ ಪ್ರಮಾಣಪತ್ರ ಇಲ್ಲ. ಬೇರೊಂದು ಸಂಸ್ಥೆಯ ಹಳೆಯ ಸಹಿಯ ಬಲದಿಂದ ಅವು ಕೆಲವು ವರ್ಷ ನಡೆದವು, ಆ ಏರ್ಪಾಡು 2024ಕ್ಕೆ ಮುಗಿಯಿತು. ಇಂಥ ಫೋನಿನಲ್ಲೂ ಅದೇ ಎಚ್ಚರಿಕೆಯ ಪುಟವೇ ಬರುತ್ತದೆ, ಆದರೆ ಕೆಳಗಿನ ಕೋಡ್ ಬೇರೆ: `NET::ERR_CERT_AUTHORITY_INVALID`. ನಮ್ಮ ಹಿಂದಿನ, ದುಡ್ಡು ಕೊಟ್ಟು ತೆಗೆದುಕೊಂಡ ಪ್ರಮಾಣಪತ್ರ ಈ ಫೋನುಗಳಲ್ಲಿ ನಡೆಯುತ್ತಿತ್ತು. ಅದನ್ನೇ ಮತ್ತೆ ಖರೀದಿಸುವುದು ಒಳ್ಳೆಯದು ಎಂಬುದು ನಮ್ಮ ಅಭಿಪ್ರಾಯ. ಹತ್ತು ವರ್ಷದಿಂದ ನಮ್ಮ ಪುಡಿಯನ್ನೇ ಕುಡಿಯುತ್ತಿರುವ ಹಿರಿಯರಲ್ಲಿ ಇಂಥ ಫೋನು ಇಟ್ಟುಕೊಂಡವರಿದ್ದಾರೆ. ಅವರಿಗೆ "ಹೊಸ ಫೋನು ತಗೊಳ್ಳಿ" ಎನ್ನುವುದು ಸರಿಯಲ್ಲ. ಆ ಪ್ರಮಾಣಪತ್ರ ಬರುವವರೆಗೆ ನಿಮ್ಮ ಸಿಬ್ಬಂದಿ ಅವರ ಆರ್ಡರನ್ನು ಫೋನಿನಲ್ಲೇ ಬರೆದುಕೊಳ್ಳಲಿ.

ಇನ್ನು ಮುಂದೆ ದೂರು ಬಂದಾಗ ನಿಮ್ಮ ಸಿಬ್ಬಂದಿ ಇಷ್ಟು ಕೇಳಿದರೆ ನಮ್ಮ ಅರ್ಧ ಕೆಲಸ ಮುಗಿದಂತೆ:

1. ವೈಫೈಯಲ್ಲಿ ನೋಡ್ತಿದ್ದೀರಾ, ಮೊಬೈಲ್ ಡೇಟಾದಲ್ಲಾ? ಯಾವ ಕಂಪನಿಯದು?
2. ಒಂದನ್ನು ಆಫ್ ಮಾಡಿ ಇನ್ನೊಂದರಲ್ಲಿ ನೋಡಿದರೆ ಬರುತ್ತದೆಯೇ?
3. ಪರದೆ ಮೇಲೆ ಏನು ಬರೆದಿದೆ? ಸ್ಕ್ರೀನ್‌ಶಾಟ್ ವಾಟ್ಸಾಪ್ ಮಾಡ್ತೀರಾ? (ಸಣ್ಣ ಅಕ್ಷರದ ಕೋಡೇ ಮುಖ್ಯ.)
4. ಎಷ್ಟು ಗಂಟೆಗೆ ನೋಡಿದಿರಿ?
5. ಫೋನಿನಲ್ಲಿ ಇವತ್ತಿನ ತಾರೀಖು ಸರಿಯಾಗಿದೆಯೇ? ತಾರೀಖು ತಪ್ಪಿದ್ದರೂ ಇಂಥದ್ದೇ ಎಚ್ಚರಿಕೆ ಬರುತ್ತದೆ.

ಎರಡನೆಯ ಪ್ರಶ್ನೆಗೆ "ಹೌದು, ಅದರಲ್ಲಿ ಬರುತ್ತೆ" ಎಂದರೆ ತೊಂದರೆ ದಾರಿಯಲ್ಲಿದೆ. ಎರಡರಲ್ಲೂ ಬಾರದಿದ್ದರೆ ಆ ಫೋನು ಅಥವಾ ನಮ್ಮ ಸರ್ವರು. "ಬ್ರೌಸರ್ ಹಿಸ್ಟರಿ ಅಳಿಸಿ ನೋಡಿ" ಎಂದು ಮೊದಲೇ ಹೇಳುವುದು ಬೇಡ. ಡಿಎನ್‌ಎಸ್‌ನ ಹಳೆಯ ಉತ್ತರ ಇರುವುದು ಕಂಪನಿಯ ಸರ್ವರಿನಲ್ಲಿ, ಹಿಸ್ಟರಿ ಅಳಿಸಿದರೆ ಅದು ಹೋಗದು, ಸುಳಿವು ಮಾತ್ರ ಅಳಿಸಿಹೋಗುತ್ತದೆ. ಎಚ್ಚರಿಕೆಯ ಪುಟದಲ್ಲಿ `Advanced` ಒತ್ತಿ ಮುಂದೆ ಹೋಗಿ ಎಂದು ಯಾವ ಕಾರಣಕ್ಕೂ ಹೇಳಬಾರದು. ಇಂದು ನಮ್ಮ ಮಾತು ನಂಬಿ ಒತ್ತಿದವರು ನಾಳೆ ಮೋಸದ ಸೈಟಿನಲ್ಲೂ ಒತ್ತಿ ಕಾರ್ಡ್ ನಂಬರು ಕೊಡುತ್ತಾರೆ.

ನಿಮ್ಮ ತೀರ್ಮಾನ ಬೇಕಾದದ್ದು ಇದಕ್ಕೆ. ಶನಿವಾರ ರಾತ್ರಿ 11ರಿಂದ ಸೋಮವಾರ ಬೆಳಿಗ್ಗೆ 5:29ರವರೆಗೆ ಹಳೆಯ ಸರ್ವರಿನಲ್ಲಿ 37 ಆರ್ಡರ್ ಸಿಕ್ಕಿಕೊಂಡಿವೆ. ಹಣ ನಮ್ಮ ಖಾತೆಗೆ ಬಂದಿದೆ, ಆದರೆ ಪ್ಯಾಕಿಂಗ್ ವಿಭಾಗಕ್ಕೆ ಆರ್ಡರ್ ಹೋಗಿಲ್ಲ. ಒಟ್ಟು 52 ಪ್ಯಾಕೆಟ್, ಎಲ್ಲವೂ ಅರ್ಧ ಕಿಲೋದವು, ಹಳೆಯ ಬೆಲೆ ₹340ರಂತೆ. ಹೊಸ ಬೆಲೆ ₹365, ಅಂದರೆ ಒಟ್ಟು ವ್ಯತ್ಯಾಸ ₹1,300. ಹಳೆಯ ಬೆಲೆಗೇ ಕಳಿಸೋಣ ಎಂದು ನಮ್ಮ ಸಲಹೆ. ತೋರಿಸಿದ ಬೆಲೆ ನಮ್ಮದೇ. ಪಟ್ಟಿಯನ್ನು ಇದರ ಜೊತೆ ಲಗತ್ತಿಸಿದ್ದೇವೆ. ಸಂಜೆ 4ರೊಳಗೆ ಸರಿ ಎಂದರೆ ಹೊಸ ವ್ಯವಸ್ಥೆಗೆ ಸೇರಿಸಿಬಿಡುತ್ತೇವೆ, ನಾಳೆಯ ಕೊರಿಯರಿಗೆ ಸಿಗುತ್ತದೆ.

ವಂದನೆಗಳೊಂದಿಗೆ,
ವೆಬ್ ತಂಡ