ಹಣ ಬರುವುದಕ್ಕೆ ಪಿನ್ ಏಕೆ?

(ಅವಧಿ: ಸುಮಾರು ಎರಡೂವರೆ ನಿಮಿಷ)

ದೃಶ್ಯ 1: ಮನೆಯ ಹಜಾರ, ಮಧ್ಯಾಹ್ನ
ಹಳೆಯ ಮರದ ಮೇಜು. ಅದರ ಫೋಟೊವನ್ನು ಮಾರಾಟದ ಜಾಲತಾಣಕ್ಕೆ ಹಾಕಿ ಹತ್ತು ನಿಮಿಷವೂ ಆಗಿಲ್ಲ, ಅಮ್ಮನ ಮೊಬೈಲ್ ರಿಂಗಾಗುತ್ತದೆ.

ಕರೆ ಮಾಡಿದವನು: ನಮಸ್ಕಾರ ಮೇಡಂ. ಮೇಜು ನನಗೇ ಇರಲಿ, ಬೇರೆಯವರಿಗೆ ಕೊಡಬೇಡಿ. ನಾನು ಸೇನೆಯಲ್ಲಿದ್ದೇನೆ, ಬಂದು ನೋಡಲು ರಜೆ ಇಲ್ಲ. ಎಂಟು ಸಾವಿರ ಈಗಲೇ ಕಳುಹಿಸುತ್ತೇನೆ.

ಅಮ್ಮ: ನೋಡದೆಯೇ ತೆಗೆದುಕೊಳ್ಳುತ್ತೀರಾ?

ಕರೆ ಮಾಡಿದವನು: ನಿಮ್ಮ ಮಾತಿನ ಮೇಲೆ ನಂಬಿಕೆಯಿದೆ. ಮೊದಲು ಐದು ರೂಪಾಯಿ ಹಾಕಿದ್ದೇನೆ, ಬಂತೇ?

(ಐದು ರೂಪಾಯಿ ನಿಜವಾಗಿಯೂ ಬಂದಿರುತ್ತದೆ. ಅಮ್ಮನ ಮುಖ ಸಡಿಲಗೊಳ್ಳುತ್ತದೆ.)

ಕರೆ ಮಾಡಿದವನು: ಈಗ ವಾಟ್ಸ್ಆ್ಯಪ್‌ನಲ್ಲಿ ಒಂದು ಕ್ಯೂಆರ್ ಕೋಡ್ ಕಳುಹಿಸಿದ್ದೇನೆ. ಅದನ್ನು ಸ್ಕ್ಯಾನ್ ಮಾಡಿ ಪಿನ್ ಒತ್ತಿದರೆ ಎಂಟು ಸಾವಿರ ನಿಮ್ಮ ಖಾತೆಗೆ ಜಮೆಯಾಗುತ್ತದೆ. ಬೇಗ ಮೇಡಂ, ಡ್ಯೂಟಿಗೆ ಹೋಗಬೇಕು.

(ಮೊಬೈಲ್ ಪರದೆ: ಅಪರಿಚಿತ ಹೆಸರು, 8,000 ರೂಪಾಯಿ, ಕೆಳಗೆ ‘ಪಾವತಿಸಿ’. ಅಮ್ಮ ಪಿನ್ ಒತ್ತುತ್ತಾರೆ. ಖಾತೆಯಿಂದ ಹಣ ಕಡಿತವಾದ ಸಂದೇಶ.)

ಅಮ್ಮ: ಅಯ್ಯೋ, ನನ್ನದೇ ಹೋಯಿತಲ್ಲ!

ಕರೆ ಮಾಡಿದವನು: ಸರ್ವರ್ ತೊಂದರೆ ಮೇಡಂ. ಇನ್ನೊಮ್ಮೆ ಸ್ಕ್ಯಾನ್ ಮಾಡಿ, ಹದಿನಾರೂ ಒಟ್ಟಿಗೆ ಬರುತ್ತದೆ.

(ಮಗಳು ಒಳಗಿನಿಂದ ಬಂದು ಫೋನ್ ತೆಗೆದುಕೊಂಡು ಕರೆ ಕತ್ತರಿಸುತ್ತಾಳೆ.)

ಮಗಳು: ಅಮ್ಮಾ, ಅವನು ಕೊಡುವವನಾದರೆ ಪಿನ್ ಒತ್ತಬೇಕಾದವನು ಅವನು. ನೀನಲ್ಲ.

ದೃಶ್ಯ 2: ‘ಪಾವತಿಸಿ’ ಎಂಬ ಪರದೆ ಸ್ಥಿರವಾಗಿ ನಿಲ್ಲುತ್ತದೆ

ನಿರೂಪಕಿ: ಈ ಪರದೆಯಲ್ಲಿ ಮುಚ್ಚುಮರೆ ಏನೂ ಇಲ್ಲ. ‘ಪಾವತಿಸಿ’ ಎಂದೇ ಬರೆದಿದೆ. ಆದರೆ ಕಿವಿಯಲ್ಲಿ ಒಬ್ಬ ಅವಸರ ಮಾಡುತ್ತಿರುವಾಗ ಕಣ್ಣು ಓದುವುದಿಲ್ಲ. ಆ ಐದು ರೂಪಾಯಿ ಅವನು ಹೂಡಿದ ಬಂಡವಾಳ. ಸೇನೆಯ ಹೆಸರು ಕೇವಲ ವೇಷ. ನಾಳೆ ಅವನು ಬ್ಯಾಂಕಿನವನೋ ಕೊರಿಯರಿನವನೋ ಆಗಿರುತ್ತಾನೆ. ವೇಷಗಳನ್ನೆಲ್ಲ ನೆನಪಿಟ್ಟುಕೊಳ್ಳಲು ಹೋಗಬೇಡಿ, ಇದೊಂದು ಸಾಕು.

ಪರದೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ: ಹಣ ಪಡೆಯಲು ಪಿನ್ ಬೇಡ.

ನಿರೂಪಕಿ: ಖಾತೆಯಲ್ಲಿ ಎಷ್ಟಿದೆ ಎಂದು ನೋಡಲೂ ಯುಪಿಐ ಪಿನ್ ಕೇಳುತ್ತದೆ, ನಿಜ. ಅದು ನೀವಾಗಿಯೇ ನೋಡುವುದು. ನಿಮಗೆ ದುಡ್ಡು ಕೊಡುತ್ತೇನೆ ಎನ್ನುವವನು ಪಿನ್ ಒತ್ತಲು ಹೇಳಿದರೆ ಮಾತು ಬೆಳೆಸದೆ ಫೋನ್ ಇಟ್ಟುಬಿಡಿ. ಒರಟಾಯಿತೇನೋ ಎಂಬ ಸಂಕೋಚ ಬೇಡ.

ದೃಶ್ಯ 3: ಮಗಳು ಫೋನಿನಲ್ಲಿ, ಪಕ್ಕದಲ್ಲಿ ಅಮ್ಮ

ನಿರೂಪಕಿ: ಹಣ ಹೋಗಿಬಿಟ್ಟಿದ್ದರೆ ತಕ್ಷಣ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ, ನಿಮ್ಮ ಬ್ಯಾಂಕಿಗೂ ತಿಳಿಸಿ. cybercrime.gov.in ತಾಣದಲ್ಲಿಯೂ ದೂರು ಕೊಡಬಹುದು. ವಂಚಕ ಹಣವನ್ನು ಮತ್ತೊಂದು ಖಾತೆಗೆ ದಾಟಿಸುವ ಮೊದಲೇ ಅದನ್ನು ತಡೆಹಿಡಿಯುವ ಸಾಧ್ಯತೆ ಇರುತ್ತದೆ, ಆದ್ದರಿಂದ ಮನೆಯವರು ಏನೆನ್ನುತ್ತಾರೋ ಎಂದು ಸಂಜೆಯವರೆಗೆ ಕಾಯಬೇಡಿ. ವಹಿವಾಟಿನ ಸಂಖ್ಯೆ, ಕರೆ ಬಂದ ನಂಬರ್, ಆ ಕ್ಯೂಆರ್ ಕೋಡ್ ಯಾವುದನ್ನೂ ಅಳಿಸಬೇಡಿ. ದೂರಿಗೆ ಇವೆಲ್ಲವೂ ಬೇಕಾಗುತ್ತವೆ.