ಅಪ್ಪನಿಗೆ, ಫೋನಿನಲ್ಲೇ ದುಡ್ಡು ಕಳಿಸೋದು ಹೇಗೆ ಅಂತ

ಡ್ರೆಸ್ಡೆನ್, ಜನವರಿ 11

ಅಪ್ಪಾ,

ಹೋದ ತಿಂಗಳು ಕಾವ್ಯಳ ಪಿ.ಜಿ. ಬಾಡಿಗೆ ಕಟ್ಟೋಕೆ ಅಂತ ನೀನು ಮಂಡಿನೋವು ಇಟ್ಟುಕೊಂಡು ಮದ್ದೂರಿಗೆ ಬಸ್ಸು ಹತ್ತಿ ಹೋಗಿ, ಬ್ಯಾಂಕಿನ ಸರದಿಯಲ್ಲಿ ಮೂರು ಗಂಟೆ ನಿಂತು, ಕೊನೆಗೆ ಇವತ್ತು ಆಗಲ್ಲ ಅಂದರು ಅಂತ ವಾಪಸ್ ಬಂದದ್ದನ್ನು ಅವ್ವ ಹೇಳಿದಳು. ಕೇಳಿ ತುಂಬಾ ಬೇಜಾರಾಯಿತು. ಇನ್ನು ಮೇಲೆ ಇದಕ್ಕೆಲ್ಲ ನೀನು ಮನೆ ಬಿಟ್ಟು ಹೋಗಬೇಕಿಲ್ಲ. ಫೋನಿನಲ್ಲಿ ಹೇಳಿದರೆ ಮರೆತುಹೋಗುತ್ತದೆ ಅಂತ ಬರೆದು ಕಳಿಸುತ್ತಿದ್ದೇನೆ, ಕಾವ್ಯ ಪ್ರಿಂಟ್ ತೆಗೆದು ತಂದುಕೊಡುತ್ತಾಳೆ.

ಮೊದಲು ಸಿಮ್ ವಿಷಯ. ಬ್ಯಾಂಕಿಗೆ ಕೊಟ್ಟಿರೋದು ನಿನ್ನ ಹಳೇ ನಂಬರು, ಅದು ಇನ್ನೂ ಆ ಬಟನ್ ಫೋನಿನಲ್ಲೇ ಇದೆ, ಅಲ್ವಾ? ಆ ಸಿಮ್ಮನ್ನು ನಾನು ಕೊಡಿಸಿದ ಹೊಸ ಫೋನಿಗೆ ಹಾಕಲೇಬೇಕು. ಅದು ಇಲ್ಲದಿದ್ದರೆ ಮುಂದಿನದು ಯಾವುದೂ ನಡೆಯಲ್ಲ, ಯಾಕೆಂದರೆ ಈ ಖಾತೆ ನಿನ್ನದೇ ಅಂತ ಬ್ಯಾಂಕಿಗೆ ಗೊತ್ತಾಗೋದು ಆ ನಂಬರಿನಿಂದ ಹೋಗುವ ಒಂದು ಮೆಸೇಜಿನಿಂದ. ಮೆಸೇಜು ಹೋಗುವಷ್ಟು ರೀಚಾರ್ಜ್ ಇದೆಯಾ ನೋಡು. ಆಮೇಲೆ ಬೀರುವಿನಲ್ಲಿ ಪಾಸ್‌ಬುಕ್ ಜೊತೆ ಇರುವ ಎಟಿಎಂ ಕಾರ್ಡ್ ತೆಗೆದಿಟ್ಟುಕೋ, ಕನ್ನಡಕವನ್ನೂ.

ಈಗ ಪ್ಲೇ ಸ್ಟೋರ್ ಒತ್ತಿ, ಮೇಲೆ ಹುಡುಕುವ ಜಾಗದಲ್ಲಿ BHIM ಅಂತ ಟೈಪ್ ಮಾಡು, ದುಡ್ಡು ಕಳಿಸೋ ಆ್ಯಪ್ ಅದು. ಅದೇ ಥರದ ಹೆಸರಿನವು ಬೇರೆಯವೂ ಬರಬಹುದು. ಕೆಳಗೆ ಮಾಡಿದವರ ಹೆಸರಿನಲ್ಲಿ NPCI ಅಂತ ಇದ್ದರೆ ಮಾತ್ರ Install ಒತ್ತು. ಯಾರಾದರೂ ವಾಟ್ಸಾಪ್‌ನಲ್ಲಿ ಲಿಂಕ್ ಕಳಿಸಿ ಇದರಿಂದ ಹಾಕಿಕೋ ಅಂದರೆ ಬೇಡ. ತೆರೆದಾಗ ಭಾಷೆ ಕೇಳುತ್ತದೆ, ಕನ್ನಡ ಆರಿಸು. ಸಿಮ್ ಕೇಳಿದಾಗ ಹಳೇ ನಂಬರಿನದು. ಮೆಸೇಜು ತಾನೇ ಹೋಗುತ್ತದೆ, ಸುಮ್ನೆ ಒಂದು ನಿಮಿಷ ಕಾಯಿ. ಆ್ಯಪ್ ತೆರೆಯೋಕೆ ಒಂದು ಗುಟ್ಟಿನ ನಂಬರು ಇಡು ಅನ್ನುತ್ತದೆ, ಇಡು. ಆಮೇಲೆ ಬ್ಯಾಂಕುಗಳ ಪಟ್ಟಿಯಲ್ಲಿ ನಮ್ಮದನ್ನು ಒತ್ತಿದರೆ ನಿನ್ನ ಖಾತೆಯ ಕೊನೆಯ ಅಂಕಿಗಳು ಕಾಣುತ್ತವೆ, ಪಾಸ್‌ಬುಕ್‌ಗೆ ತಾಳೆ ನೋಡು.

ಮುಂದೆ UPI PIN, ಅಂದರೆ ದುಡ್ಡು ಕಳಿಸುವಾಗ ಒತ್ತುವ ಗುಟ್ಟಿನ ನಂಬರು. ಇದು ಆ್ಯಪ್ ತೆರೆಯುವ ನಂಬರಲ್ಲ, ಎಟಿಎಂ ಪಿನ್ನೂ ಅಲ್ಲ, ಬೇರೆಯದೇ. ಕಾರ್ಡಿನ ಕೊನೆಯ 6 ಅಂಕಿ, ಅದರ ಮೇಲಿರುವ ಮುಗಿಯುವ ತಿಂಗಳು, ವರ್ಷ ಹಾಕಿದರೆ ಒಂದು ಓಟಿಪಿ ಬರುತ್ತದೆ, ಆಮೇಲೆ 4 ಇಲ್ಲವೇ 6 ಅಂಕಿಯ ಪಿನ್ ಇಡಬೇಕು. ನನ್ನ ಹುಟ್ಟಿದ ವರ್ಷ ಇಡಬೇಡ, ಸ್ಕೂಟರ್ ನಂಬರೂ ಬೇಡ. ಎಲ್ಲೂ ಬರೆದಿಡಬೇಡ. ಅಂಗಡಿ ಹುಡುಗನ ಕೈಗೆ ಫೋನು ಕೊಟ್ಟು ನೀನೇ ಹಾಕಿಕೊಡಪ್ಪ ಅನ್ನಲೇಬೇಡ. ಅವನು ಒಳ್ಳೆಯವನೇ ಇರಬಹುದು, ಆದರೂ ಈ ಪಿನ್ ನಿನಗೊಬ್ಬನಿಗೇ ಗೊತ್ತಿರಬೇಕು. ನನಗೂ ಹೇಳಬೇಡ.

ಮೊದಲ ಸಲ ಕಾವ್ಯಳಿಗೆ ಒಂದೇ ಒಂದು ರೂಪಾಯಿ ಕಳಿಸು. ಅವಳ ಮೊಬೈಲ್ ನಂಬರು ಹಾಕಿದರೆ ಬ್ಯಾಂಕಿನಲ್ಲಿರುವ ಅವಳ ಹೆಸರು ಬರುತ್ತದೆ. ಹೆಸರು ಓದದೆ ಮುಂದೆ ಹೋಗಬೇಡ, ಒಂದು ಅಂಕಿ ತಪ್ಪಿದರೆ ದುಡ್ಡು ಯಾರಿಗೋ ಹೋಗಿ ಅದನ್ನು ವಾಪಸ್ ತರೋದು ಬಹಳ ಕಷ್ಟ. ಮೊತ್ತ ಹಾಕಿ, ಪಿನ್ ಒತ್ತು, ಅಷ್ಟೇ. ಹೊಸದಾಗಿ ಶುರು ಮಾಡಿದ ಮೊದಲ 24 ಗಂಟೆ 5,000 ರೂಪಾಯಿವರೆಗೆ ಮಾತ್ರ ಹೋಗುತ್ತದೆ, ಅವಳ ಬಾಡಿಗೆ 6,500. ಅದಕ್ಕೆ ಒಂದು ದಿನ ಮೊದಲೇ ಶುರು ಮಾಡು. ಖಾತೆಯಿಂದ ಕಡಿತವಾಗಿ ಅವಳಿಗೆ ತಲುಪದಿದ್ದರೆ ಗಾಬರಿಯಾಗಿ ಇನ್ನೊಂದು ಸಲ ಕಳಿಸಬೇಡ, ಸ್ವಲ್ಪ ಕಾದು ನೋಡು.

ಒಂದು ಮಾತು ಚೆನ್ನಾಗಿ ನೆನಪಿಟ್ಟುಕೋ ಅಪ್ಪಾ. ಪಿನ್ ಹಾಕೋದು ನಾವು ಕೊಡುವಾಗ, ಇಲ್ಲವೇ ಖಾತೆಯಲ್ಲಿ ಎಷ್ಟಿದೆ ಅಂತ ನೋಡುವಾಗ. ದುಡ್ಡು ಬರೋದಕ್ಕೆ ಪಿನ್ ಬೇಡವೇ ಬೇಡ. ಕಬ್ಬಿನ ದುಡ್ಡು ಬಂದಿದೆ, ಸಬ್ಸಿಡಿ ಬಂದಿದೆ, ಪಿನ್ ಒತ್ತಿ ಅಂತ ಯಾರಾದರೂ ಎಷ್ಟೇ ನಯವಾಗಿ ಮಾತಾಡಿದರೂ ಫೋನು ಇಟ್ಟುಬಿಡು. ಹಾಗೂ ಮೋಸ ಆಗಿಹೋದರೆ ತಡ ಮಾಡದೆ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡು, ನಾಚಿಕೆ ಪಡಬೇಡ, ನನ್ನಿಂದ ಮುಚ್ಚಿಡಲೂ ಬೇಡ.

ನನಗೆ ಇದರಲ್ಲಿ ಕಳಿಸೋಕೆ ಹೋಗಬೇಡ, ಇಲ್ಲಿನ ನನ್ನ ಖಾತೆಗೆ ಇದು ಬರಲ್ಲ. ಈಗ ನನ್ನ ಕೈಯಲ್ಲಿ ಸಾಕಷ್ಟಿದೆ, ಚಿಂತೆ ಬೇಡ.

ಭಾನುವಾರ ಮಧ್ಯಾಹ್ನ ಊಟ ಆದಮೇಲೆ ಶುರು ಮಾಡು. ಇಲ್ಲಿ ಗಡಿಯಾರ ನಾಲ್ಕೂವರೆ ಗಂಟೆ ಹಿಂದೆ, ನಿನಗೆ ಎರಡಾದಾಗ ನಾನು ಎದ್ದು ಕಾಫಿ ಕುಡಿದಿರುತ್ತೇನೆ. ಎಲ್ಲಿ ನಿಂತುಹೋಯಿತೋ ಅಲ್ಲಿಂದಲೇ ವಿಡಿಯೋ ಕಾಲ್ ಮಾಡು, ಅವ್ವನ ಫೋನಿನಿಂದ. ನಿನ್ನ ಫೋನಿನ ಪರದೆ ತೋರಿಸು, ಪಿನ್ ಒತ್ತುವಾಗ ಮಾತ್ರ ಆ ಕಡೆ ತಿರುಗಿಸಿಕೋ.

ನಿನ್ನ ಮಗ,
ಸಂತು