ಟಿವಿ ಕೆಟ್ಟಿದೆಯಾ? ನನಗೆ ಫೋನ್ ಮಾಡುವ ಮುಂಚೆ ಇಷ್ಟು ನೋಡಿ, ಬರೆದುಕೊಳ್ಳಿ

"ಟಿವಿ ಬರ್ತಿಲ್ಲ" ಅಂದರೆ ನನಗೆ ಏನೂ ಗೊತ್ತಾಗುವುದಿಲ್ಲ. ಲೈಟೇ ಇಲ್ಲವಾ? ಲೈಟ್ ಇದ್ದು ಚಿತ್ರ ಇಲ್ಲವಾ? ಚಿತ್ರ ಇದ್ದು ಚಾನೆಲ್ ಮಾತ್ರ ಇಲ್ಲವಾ? ಮೂರಕ್ಕೂ ಬೇರೆ ಬೇರೆ ರಿಪೇರಿ, ಬೇರೆ ಬೇರೆ ಸಾಮಾನು. ಬ್ಯಾಗಿನಲ್ಲಿ ಎಲ್ಲವನ್ನೂ ಹೊತ್ತುಕೊಂಡು ಬರೋಕಾಗಲ್ಲ, ಅಲ್ವಾ? ಅದಕ್ಕೇ ಈ ಪಟ್ಟಿ. ಒಂದು ಹಾಳೆ, ಪೆನ್ನು, ಟಾರ್ಚ್ ಇರುವ ಮೊಬೈಲ್ ಸಾಕು.

ಎಲ್ಲಕ್ಕಿಂತ ಮೊದಲು

☐ ಸುಟ್ಟ ವಾಸನೆ, ಹೊಗೆ, ಚಟಚಟ ಸದ್ದು ಇದೆಯಾ? ಒಳಗೆ ನೀರು ಹೋಗಿದೆಯಾ? ಹಾಗಿದ್ದರೆ ಸ್ವಿಚ್ ಆರಿಸಿ ಪ್ಲಗ್ ತೆಗೆಯಿರಿ. ಮತ್ತೆ ಹಾಕಿ ನೋಡಬೇಡಿ. ಉಳಿದ ಪಟ್ಟಿ ಬಿಟ್ಟು ನೇರವಾಗಿ ಫೋನ್ ಮಾಡಿ.

ಏನೇ ಆದರೂ ಹಿಂದಿನ ಕವರ್ ಬಿಚ್ಚಬೇಡಿ. 230 ವೋಲ್ಟ್ ಕರೆಂಟಿನಲ್ಲಿ ಓಡುವ ಟಿವಿಯ ಪವರ್ ಬೋರ್ಡಿನಲ್ಲಿ ಒಂದು ದೊಡ್ಡ ಕೆಪಾಸಿಟರ್ ಇರುತ್ತದೆ. ಅದರಲ್ಲಿ 300 ವೋಲ್ಟಿಗಿಂತ ಜಾಸ್ತಿ ತುಂಬಿರುತ್ತದೆ. ಪ್ಲಗ್ ತೆಗೆದ ಮೇಲೂ ಅದು ಸ್ವಲ್ಪ ಹೊತ್ತು ಹಾಗೇ ಉಳಿದಿರಬಹುದು.

ಕರೆಂಟ್ ಮತ್ತು ಕೆಂಪು ಲೈಟ್

☐ ಅದೇ ಸಾಕೆಟ್ಟಿಗೆ ಮೊಬೈಲ್ ಚಾರ್ಜರ್ ಹಾಕಿ ನೋಡಿ. ಚಾರ್ಜ್ ಆಗುತ್ತಿದೆಯಾ?

☐ ಸ್ಟೆಬಿಲೈಸರ್, ಎಕ್ಸ್‌ಟೆನ್ಷನ್ ಬೋರ್ಡ್ ಬಿಟ್ಟು ಟಿವಿಯನ್ನು ಗೋಡೆಯ ಸಾಕೆಟ್ಟಿಗೇ ಹಾಕಿದಾಗ ಏನಾಯಿತು?

☐ ಪ್ಲಗ್ ತೆಗೆದು ಐದು ನಿಮಿಷ ಬಿಟ್ಟು ಮತ್ತೆ ಹಾಕಿ. ಸರಿಹೋದರೂ ಬರೆದುಕೊಳ್ಳಿ. ಎಷ್ಟು ಹೊತ್ತು ಸರಿ ಇತ್ತು ಅನ್ನುವುದೂ ಸುಳಿವೇ.

☐ ಟಿವಿಯ ಕೆಳಗಿನ ಸಣ್ಣ ಲೈಟ್ ಆರಿದೆಯಾ, ಸುಮ್ನೆ ಉರಿಯುತ್ತಿದೆಯಾ, ಮಿನುಗುತ್ತಿದೆಯಾ? ಮಿನುಗುತ್ತಿದ್ದರೆ ಎಣಿಸಿ. ಎಷ್ಟು ಸಲ ಮಿನುಗಿ ನಿಲ್ಲುತ್ತದೆ, ಮತ್ತೆ ಎಷ್ಟು ಸಲ? ಎರಡು ಮೂರು ಸುತ್ತು ಎಣಿಸಿ ಖಾತ್ರಿ ಮಾಡಿಕೊಳ್ಳಿ. ಎಷ್ಟೋ ಕಂಪನಿಯ ಟಿವಿಗಳು ತಮ್ಮ ಕಾಯಿಲೆಯನ್ನು ಹೀಗೇ ಹೇಳುತ್ತವೆ. "ಆರು ಸಲ" ಅನ್ನುವ ಒಂದು ಮಾತು ನನ್ನ ಅರ್ಧ ಕೆಲಸ ಮುಗಿಸಬಹುದು.

☐ ಆನ್ ಮಾಡಿದಾಗ ಒಳಗೆ 'ಟಿಕ್' ಅನ್ನುತ್ತದೆಯಾ? ಒಂದೇ ಸಲವಾ, ಟಿಕ್ ಟಿಕ್ ಅಂತ ಮತ್ತೆ ಮತ್ತೆಯಾ?

ಪರದೆ: ಇಲ್ಲಿ ಸ್ವಲ್ಪ ಹೊತ್ತು ಕೊಡಿ

☐ ಮಾತು ಕೇಳಿಸುತ್ತಿದೆ, ಪರದೆ ಮಾತ್ರ ಕಪ್ಪಗಿದೆ ಅಂದರೆ ರೂಮಿನ ದೀಪ ಆರಿಸಿ. ಮೊಬೈಲ್ ಟಾರ್ಚನ್ನು ಪರದೆಗೆ ಹತ್ತಿರ ಹಿಡಿದು, ಓರೆಯಾಗಿ ಬೆಳಕು ಬಿಡಿ. ಒಳಗೆ ಮಸುಕಾಗಿ ಏನಾದರೂ ಅಲ್ಲಾಡುತ್ತಿದೆಯಾ?

ಒಬ್ಬ ಅಮ್ಮ ಫೋನಿನಲ್ಲೇ ಹೀಗೆ ನೋಡಿ, "ಅಯ್ಯೋ, ಒಳಗೆ ವಾರ್ತೆ ಓದುವವಳ ಮುಖ ಕಾಣಿಸ್ತಿದೆ ಕಣಪ್ಪ, ದೆವ್ವದ ಥರ" ಅಂದರು. ಅಷ್ಟೇ ಸಾಕಾಯಿತು. ಎಲ್‌ಇಡಿ ಟಿವಿಯಲ್ಲಿ ಚಿತ್ರ ಮೂಡಿಸುವುದು ಪ್ಯಾನೆಲ್, ಅದಕ್ಕೆ ಹಿಂದಿನಿಂದ ಬೆಳಕು ಕೊಡುವುದು ಬ್ಯಾಕ್‌ಲೈಟ್. ಮುಖ ಕಂಡಿತು ಅಂದರೆ ಪ್ಯಾನೆಲ್ ಕೆಲಸ ಮಾಡುತ್ತಿದೆ, ಹೋಗಿರುವುದು ಬೆಳಕು. ಟಾರ್ಚ್ ಹಾಕಿದರೂ ಏನೂ ಕಾಣದಿದ್ದರೆ ಬೇರೆ ಬೋರ್ಡುಗಳನ್ನೋ ಪ್ಯಾನೆಲ್ಲನ್ನೋ ನೋಡಬೇಕು. ಓಎಲ್‌ಇಡಿ ಟಿವಿಯಲ್ಲಿ ಬ್ಯಾಕ್‌ಲೈಟ್ ಇರುವುದೇ ಇಲ್ಲ, ಅದಕ್ಕೆ ಈ ಪರೀಕ್ಷೆ ಬೇಡ.

☐ ಚಿತ್ರ ಒಂದೆರಡು ಸೆಕೆಂಡ್ ಬಂದು ಹೋಗುತ್ತದೆಯಾ? ಹೋದ ಮೇಲೂ ಮಾತು ಇರುತ್ತದೆಯಾ?

☐ ಗೆರೆ ಇದ್ದರೆ ಉದ್ದಕ್ಕೋ ಅಡ್ಡಕ್ಕೋ, ಯಾವ ಬಣ್ಣ, ಪರದೆಯ ಯಾವ ಭಾಗದಲ್ಲಿ? ಈಗ ರಿಮೋಟಿನಲ್ಲಿ ಟಿವಿಯ ಮೆನು ತೆಗೆಯಿರಿ. ಮೆನುವಿನ ಮೇಲೂ ಅದೇ ಗೆರೆ ಹಾದುಹೋಗಿದೆಯಾ? ಹೋಗಿದ್ದರೆ ತೊಂದರೆ ಟಿವಿಯದೇ. ಮೆನು ಸ್ವಚ್ಛವಾಗಿದ್ದು ಚಾನೆಲ್ ಮಾತ್ರ ಕೆಟ್ಟಿದ್ದರೆ ಮೊದಲು ಬಾಕ್ಸ್, ಕೇಬಲ್ ಮೇಲೆ ಅನುಮಾನ.

☐ ಜೇಡರ ಬಲೆ ಥರ ಬಿರುಕು, ಶಾಯಿ ಚೆಲ್ಲಿದ ಹಾಗೆ ಕಲೆ ಇದೆಯಾ? ಹೊರಗೆ ಕೈಗೆ ಸಿಗದಿದ್ದರೂ ಒಳಗಿನ ಗಾಜು ಒಡೆದಿರಬಹುದು. ಮಗು ಆಟದ ಸಾಮಾನು ಎಸೆದಿದ್ದರೆ ಹೇಳಿಬಿಡಿ, ನಾನು ಯಾರನ್ನೂ ಬೈಯುವುದಿಲ್ಲ.

☐ ಕಂಪನಿಯ ಹೆಸರು ಬಂದು ಅಲ್ಲೇ ನಿಂತಿದೆಯಾ, ಇಲ್ಲ ಆರಿ ಮತ್ತೆ ಮತ್ತೆ ಅದೇ ಬರುತ್ತಿದೆಯಾ? ಗಡಿಯಾರ ನೋಡಿ ಎಷ್ಟು ನಿಮಿಷ ಅಂತ ಬರೆಯಿರಿ.

ಟಿವಿಯಾ, ಬಾಕ್ಸಾ?

ಒಮ್ಮೆ ಬ್ಯಾಕ್‌ಲೈಟ್ ಪಟ್ಟಿ ಹೊತ್ತು ಮೂರನೇ ಮಹಡಿ ಹತ್ತಿದ್ದೆ. ನೋಡಿದರೆ ಯಾರೋ ರಿಮೋಟಿನಲ್ಲಿ ಇನ್‌ಪುಟ್ ಬದಲಿಸಿದ್ದರು, ಅಷ್ಟೇ. ಆವತ್ತಿನಿಂದ ಈ ಸಾಲುಗಳು ಸೇರಿಕೊಂಡವು.

☐ ರಿಮೋಟಿನ ಸೋರ್ಸ್ ಅಥವಾ ಇನ್‌ಪುಟ್ ಬಟನ್ ಒತ್ತಿ. ಎಲ್ಲ ಇನ್‌ಪುಟ್‌ನಲ್ಲೂ ಹೀಗೇನಾ, ಒಂದರಲ್ಲಿ ಮಾತ್ರವಾ?

☐ ಎಚ್‌ಡಿಎಂಐ ಕೇಬಲನ್ನು ಬೇರೆ ಪೋರ್ಟಿಗೆ ಹಾಕಿ ನೋಡಿದಿರಾ? ಬೇರೆ ಕೇಬಲ್?

☐ ಚಿತ್ರ ಚೌಕ ಚೌಕವಾಗಿ ಒಡೆಯುತ್ತಿದೆಯಾ? ಮಳೆ ಬಂದಾಗ ಮಾತ್ರವಾ? ಹಾಗಾದರೆ ಡಿಶ್ ಹಾಕಿದವರಿಗೆ ಫೋನ್ ಮಾಡಿ, ನನಗಲ್ಲ.

☐ ಆಪ್‌ನಲ್ಲಿ ಮಾತ್ರ ಸುತ್ತುತ್ತಾ ನಿಲ್ಲುತ್ತದೆಯಾ? ಅದೇ ವೈಫೈನಲ್ಲಿ ಮೊಬೈಲ್ ಹೇಗಿದೆ?

ಸದ್ದು, ರಿಮೋಟ್

☐ ಸದ್ದೇ ಇಲ್ಲ ಅಂದರೆ ಸೆಟ್ಟಿಂಗ್‌ನಲ್ಲಿ ಆಡಿಯೊ ಹೊರಗಿನ ಸ್ಪೀಕರಿಗೋ ಬ್ಲೂಟೂತಿಗೋ ಹೋಗುತ್ತಿದೆಯಾ ನೋಡಿ.

☐ ರಿಮೋಟ್ ಸತ್ತಿದೆ ಅನ್ನಿಸಿದರೆ ಟಿವಿಯ ಮೇಲಿರುವ ಬಟನ್ ಒತ್ತಿ. ಕೆಲಸ ಮಾಡಿತಾ? ರಿಮೋಟಿನ ಮುಂತುದಿಯನ್ನು ಮೊಬೈಲಿನ ಸೆಲ್ಫಿ ಕ್ಯಾಮೆರಾಕ್ಕೆ ತೋರಿಸಿ ಒತ್ತಿದರೆ ನೇರಳೆ-ಬಿಳಿ ಮಿಂಚು ಕಾಣಬೇಕು. ಬ್ಲೂಟೂತ್ ರಿಮೋಟಾದರೆ ಕಾಣದೆಯೂ ಇರಬಹುದು.

ಯಾವಾಗಿನಿಂದ?

☐ ಒಮ್ಮೆಲೇ ಆಯಿತಾ, ದಿನ ಕಳೆದಂತೆ ಜಾಸ್ತಿಯಾಯಿತಾ? ಬೆಳಿಗ್ಗೆ ತಣ್ಣಗಿದ್ದಾಗಲಾ, ಬಿಸಿಯಾದ ಮೇಲಾ? ತಾನಾಗೇ ಆರುತ್ತಿದ್ದರೆ ಎಷ್ಟು ನಿಮಿಷಕ್ಕೆ? ಸರಿಯಾಗಿ ಒಂದೇ ಹೊತ್ತಿಗೆ ಆರುವ ಟಿವಿಗೆ ಕೆಲವೊಮ್ಮೆ ಸ್ಲೀಪ್ ಟೈಮರ್ ಹಾಕಿರುತ್ತಾರೆ.

☐ ಹಿಂದಿನ ವಾರದಲ್ಲಿ ಗುಡುಗು-ಮಿಂಚು, ಕರೆಂಟ್ ಹೋಗಿ ಬಂದಿದ್ದು, ಮನೆ ಬದಲಿಸಿದ್ದು, ಟಿವಿ ಗೋಡೆಗೆ ಹಾಕಿಸಿದ್ದು, ಸಾಫ್ಟ್‌ವೇರ್ ಅಪ್‌ಡೇಟ್? ಪರದೆಗೆ ನೇರವಾಗಿ ಸ್ಪ್ರೇ ಹೊಡೆದು ಒರೆಸಿದಿರಾ? ಆ ನೀರು ಇಳಿದು ಕೆಳ ಅಂಚಿನಿಂದ ಒಳಗೆ ಹೋಗುತ್ತದೆ. ಮೊದಲು ಬೇರೆ ಯಾರಾದರೂ ಬಿಚ್ಚಿದ್ದರೆ ಅದನ್ನೂ ಹೇಳಿ.

ಕಳಿಸಬೇಕಾದದ್ದು

☐ ಟಿವಿಯ ಹಿಂದಿನ ಸ್ಟಿಕ್ಕರಿನ ಫೋಟೋ. ಮಾಡೆಲ್ ನಂಬರ್ ಕೊನೆಯ ಅಕ್ಷರದವರೆಗೂ ಓದುವಂತಿರಲಿ. ಬಾಲದ ಒಂದು ಅಕ್ಷರ ಬದಲಾದರೆ ಒಳಗಿನ ಬೋರ್ಡೂ ಬದಲಾಗಿರಬಹುದು.

☐ ಅರ್ಧ ನಿಮಿಷದ ವಿಡಿಯೋ, ಆನ್ ಮಾಡುವುದರಿಂದ ಶುರುವಾಗಲಿ, ಸದ್ದೂ ಇರಲಿ.

☐ ಬಿಲ್ ಇದ್ದರೆ ಕೊಂಡ ತಾರೀಖು. ವಾರಂಟಿ ಇನ್ನೂ ಇದ್ದರೆ ಕಂಪನಿಯವರನ್ನೇ ಕರೆಸಿ, ನಾನು ಬಿಚ್ಚಿದರೆ ಅದು ಹೋಗಬಹುದು.

ಇಷ್ಟನ್ನೂ ನೋಡಿದ ಒಬ್ಬರು ಕಳಿಸಿದ ಮೆಸೇಜ್ ಕೆಳಗಿದೆ. ನೀವೂ ಹೀಗೇ ಬರೆದರೆ ಆಯಿತು:

"43 ಇಂಚು, ಎಲ್‌ಇಡಿ, ಐದು ವರ್ಷ ಹಳೆಯದು, ವಾರಂಟಿ ಮುಗಿದಿದೆ. ಭಾನುವಾರ ರಾತ್ರಿಯಿಂದ ಆನ್ ಮಾಡಿದರೆ ಎರಡು ಸೆಕೆಂಡ್ ಚಿತ್ರ, ಆಮೇಲೆ ಕಪ್ಪು. ಮಾತು ಬರುತ್ತದೆ, ರಿಮೋಟಿನಲ್ಲಿ ಚಾನೆಲ್ ಬದಲಾಗುತ್ತದೆ. ಲೈಟ್ ಮಿನುಗುವುದಿಲ್ಲ. ಟಾರ್ಚ್ ಬಿಟ್ಟರೆ ಮಸುಕಾಗಿ ಚಿತ್ರ ಕಾಣುತ್ತದೆ. ಬಾಕ್ಸ್ ತೆಗೆದು ನೋಡಿದರೂ ಹಾಗೇ. ಅದಕ್ಕೆ ಮುಂಚೆ ಎರಡು ವಾರ ಎಡಗಡೆ ಮೂಲೆ ಮಬ್ಬಾಗಿತ್ತು. ವಾಸನೆ ಇಲ್ಲ, ಯಾರೂ ಬಿಚ್ಚಿಲ್ಲ. ಸ್ಟಿಕ್ಕರ್ ಫೋಟೋ, ವಿಡಿಯೋ ಕಳಿಸಿದ್ದೇನೆ."

ಆ ಮನೆಗೆ ಹೊರಡುವಾಗಲೇ ಬ್ಯಾಕ್‌ಲೈಟ್ ಪಟ್ಟಿಯ ಸೆಟ್ ನನ್ನ ಬ್ಯಾಗಿನಲ್ಲಿತ್ತು.